ಟಾರಿಗಿಂತ ಮೊದಲು ಪ್ಲಾಸ್ಟಿಕ್: ಊರ ರಸ್ತೆಗೆ ಕವರ್ ಚೂರು ಹಾಕುವುದು ಹೇಗೆ?

ಚಿಕ್ಕಬಳ್ಳಾಪುರ ಸುತ್ತಮುತ್ತ ಕ್ರಷರ್‌ಗಳಿಂದ ಬರುವ ಜಲ್ಲಿ ಹೆಚ್ಚಾಗಿ ಗ್ರಾನೈಟ್ ಜಾತಿಯ ಬಿಳಿಕಲ್ಲಿನದು. ಗಟ್ಟಿತನಕ್ಕೆ ಇದರಲ್ಲಿ ಕೊರತೆ ಇಲ್ಲ. ಆದರೆ ರಸ್ತೆ ಕೆಲಸದವರಿಗೆ ಇದರ ಒಂದು ಗುಣ ಕಿರಿಕಿರಿ. ಗ್ರಾನೈಟ್‌ನಲ್ಲಿ ಸಿಲಿಕಾ ಜಾಸ್ತಿ, ಹಾಗಾಗಿ ಅದಕ್ಕೆ ಟಾರಿಗಿಂತ ನೀರಿನ ಮೇಲೆ ಒಲವು ಹೆಚ್ಚು. ಮಳೆ ನೀರು ಸಣ್ಣ ಬಿರುಕಿನಿಂದ ಒಳಗಿಳಿದು ಕಲ್ಲಿನ ಮೈಗೆ ಹತ್ತಿಕೊಳ್ಳುತ್ತದೆ, ಟಾರು ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಮೇಲೆ ಲಾರಿ ಓಡಾಡಿದರೆ ಜಲ್ಲಿ ಎದ್ದು ಬರುತ್ತದೆ. ನಾವು ನೋಡುವ ಎಷ್ಟೋ ಗುಂಡಿಗಳು ಹುಟ್ಟುವುದು ಹೀಗೆ.

ಪ್ಲಾಸ್ಟಿಕ್ ಚೂರಿನ ಕೆಲಸ ಇರುವುದು ಇಲ್ಲೇ. ಬಿಸಿ ಜಲ್ಲಿಯ ಮೇಲೆ ಅದು ಕರಗಿ ತೆಳ್ಳಗೆ ಒಂದು ಪದರ ಕಟ್ಟುತ್ತದೆ. ಆ ಪದರಕ್ಕೆ ನೀರು ಹತ್ತುವುದಿಲ್ಲ, ಟಾರು ಚೆನ್ನಾಗಿ ಅಂಟುತ್ತದೆ. ಮದುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ರಾಜಗೋಪಾಲನ್ ವಾಸುದೇವನ್ ಈ ವಿಧಾನವನ್ನು ರೂಪಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ರಸ್ತೆ ಕೆಲಸದ ನಿಯಮ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿತು. ಪ್ಲಾಸ್ಟಿಕ್ಕನ್ನು ಟಾರಿಗೆ ಬೆರೆಸುವುದಲ್ಲ, ಮೊದಲು ಜಲ್ಲಿಗೆ ಹಾಕುವುದು ಎಂಬುದೇ ಇದರ ಮುಖ್ಯ ಮಾತು. ಟಾರಿನ ಟ್ಯಾಂಕಿಗೆ ಸುಮ್ನೆ ಸುರಿದರೆ ಅದು ಬೇರೆಯಾಗಿ ಮೇಲೆ ತೇಲುತ್ತದೆ.

ಎಷ್ಟು ಬೇಕು?

ಒಂದು ಕಿಲೋಮೀಟರ್ ಊರ ರಸ್ತೆ ಅಂದುಕೊಳ್ಳಿ. ಅಗಲ 3.75 ಮೀಟರ್, ಮೇಲಿನ ಟಾರು ಪದರ 30 ಮಿಲಿಮೀಟರ್. ರೋಲರ್ ಓಡಿಸಿದ ಮೇಲೆ ಈ ಪದರದ ತೂಕ ಸುಮಾರು 260 ಟನ್. ಅದರಲ್ಲಿ ಟಾರು ನೂರಕ್ಕೆ ಐದು ಪಾಲು ಎಂದರೆ 13 ಟನ್. ಪ್ಲಾಸ್ಟಿಕ್ ಪ್ರಮಾಣ ಟಾರಿನ ತೂಕದ ಶೇ 6ರಿಂದ 8. ಶೇ 8 ಹಿಡಿದರೆ ಸುಮಾರು ಒಂದು ಟನ್ ಪ್ಲಾಸ್ಟಿಕ್ ಹೋಗುತ್ತದೆ, ಅಷ್ಟೇ ಟಾರು ಉಳಿಯುತ್ತದೆ. ಒಂದು ಹಾಲಿನ ಕವರ್ ಎರಡು ಮೂರು ಗ್ರಾಂ ತೂಗುತ್ತದೆ. ಅಂದರೆ ಈ ಒಂದು ಕಿಲೋಮೀಟರಿಗೆ ಮೂರು ಲಕ್ಷಕ್ಕೂ ಜಾಸ್ತಿ ಕವರ್ ಬೇಕು.

ಜಲ್ಲಿ, ಟಾರು ಬೆರೆಸುವ ಪ್ಲಾಂಟ್‌ನಲ್ಲಿ ಲೆಕ್ಕ ಇನ್ನೂ ಸಲೀಸು. ಒಂದು ಟನ್ ಮಿಶ್ರಣಕ್ಕೆ 950 ಕೆಜಿ ಜಲ್ಲಿ ಮತ್ತು ಕಲ್ಲಿನ ಪುಡಿ, 46 ಕೆಜಿ ಟಾರು, 4 ಕೆಜಿ ಪ್ಲಾಸ್ಟಿಕ್. ಈ ನಾಲ್ಕು ಕೆಜಿಯನ್ನು ಮೊದಲೇ ತೂಗಿ ಚೀಲ ಕಟ್ಟಿಟ್ಟುಕೊಳ್ಳಬೇಕು. ಬುಟ್ಟಿಯಲ್ಲಿ ಅಂದಾಜಿಗೆ ಎತ್ತಿ ಹಾಕಿದರೆ ಒಂದು ಲೋಡಿಗೆ ಎರಡು ಕೆಜಿ, ಇನ್ನೊಂದಕ್ಕೆ ಏಳು ಕೆಜಿ ಬೀಳುತ್ತದೆ. ಪ್ಲಾಸ್ಟಿಕ್ ಜಾಸ್ತಿಯಾದ ಕಡೆ ಮಿಶ್ರಣ ಬಿರುಸಾಗಿ ರೋಲರ್‌ಗೆ ಸರಿಯಾಗಿ ಕೂರುವುದಿಲ್ಲ. ಅಲ್ಲಿಂದಲೇ ಬಿರುಕು ಶುರು.

ಯಾವ ಪ್ಲಾಸ್ಟಿಕ್?

ಹಾಲಿನ ಕವರ್, ಕ್ಯಾರಿ ಬ್ಯಾಗ್, ಸಾಮಾನು ಸುತ್ತಿ ಬರುವ ತೆಳು ಹಾಳೆ. ಇವು ಪಾಲಿಎಥಿಲೀನ್ ಜಾತಿ, 110ರಿಂದ 130 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತವೆ. ನೀರಿನ ಬಾಟಲಿ ಕರಗಲು 250 ಡಿಗ್ರಿ ಬೇಕು. ನಮ್ಮ ಜಲ್ಲಿ 170 ಡಿಗ್ರಿ ದಾಟುವುದಿಲ್ಲ, ಆದ್ದರಿಂದ ಬಾಟಲಿ ಚೂರು ಕರಗದೆ ಹಾಗೇ ಕೂರುತ್ತದೆ. ಅದನ್ನು ಗುಜರಿಗೆ ಕೊಟ್ಟರೆ ಬೇರೆ ವಸ್ತುವಾಗುತ್ತದೆ. ರಸ್ತೆಗೆ ಹಾಕಿ ಹಾಳು ಮಾಡಬೇಡಿ.

ಪಿವಿಸಿ ಮಾತ್ರ ಒಂದು ಚೂರೂ ಬರಬಾರದು. ಬೋರ್‌ವೆಲ್ ಪೈಪು, ಡ್ರಿಪ್‌ನ ಮೇನ್ ಲೈನ್ ಪೈಪು, ಫ್ಲೆಕ್ಸ್ ಬ್ಯಾನರ್ ಇವೆಲ್ಲ ಅದೇ. ಬಿಸಿಯಾದರೆ ಅದರಿಂದ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ. ಆ ಹೊಗೆ ಕುಡಿಯುವವರು ಪ್ಲಾಂಟ್ ಪಕ್ಕ ನಿಂತ ಕೂಲಿಯವರು. ಪರೀಕ್ಷೆ ಸುಲಭ: ಒಂದು ಹಿಡಿ ಚೂರನ್ನು ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕಲಕಿ. ಕವರ್ ಚೂರು ತೇಲುತ್ತದೆ. ಪಿವಿಸಿ, ಬಾಟಲಿ ಚೂರು ಮುಳುಗುತ್ತವೆ. ತಳದಲ್ಲಿ ಕಂಡರೆ ಆ ಮೂಟೆಯನ್ನು ವಾಪಸ್ ಕಳಿಸಿ.

ನಮ್ಮ ಕಡೆ ಟೊಮೆಟೊ ತೋಟದ ಮಲ್ಚಿಂಗ್ ಶೀಟ್ ರಾಶಿ ರಾಶಿ ಬೀಳುತ್ತದೆ. ಅದನ್ನೂ ಹಾಕಬಹುದಾ ಎಂದು ರೈತರು ಕೇಳುತ್ತಾರೆ. ತೋಟದಿಂದ ಎತ್ತಿದ ಹಾಗೇ ಬೇಡ, ಅದಕ್ಕೆ ಮೆತ್ತಿದ ಮಣ್ಣಿನ ತೂಕವೇ ಜಾಸ್ತಿ. ಚೂರಿನಲ್ಲಿ ಮಣ್ಣು, ಧೂಳು ಶೇ 1ಕ್ಕಿಂತ ಹೆಚ್ಚಿರಬಾರದು. ಜೊತೆಗೆ ಮತ್ತೆ ಮತ್ತೆ ಕರಗಿಸಿ ಮಾಡಿದ ಕಪ್ಪು ಪ್ಲಾಸ್ಟಿಕ್ ಈ ಕೆಲಸಕ್ಕೆ ಬೇಡ ಎನ್ನುತ್ತದೆ ನಿಯಮ.

ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿದ ಮೇಲೆ ಚೂರು ಮಾಡುವ ಶ್ರೆಡ್ಡರ್‌ಗೆ ಕೊಡಬೇಕು. ಚೂರು 2.36 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು, 600 ಮೈಕ್ರಾನ್ ಜರಡಿಯ ಮೇಲೆ ಉಳಿಯಬೇಕು. ದಪ್ಪ ರವೆಯ ಗಾತ್ರ ಅಂದುಕೊಳ್ಳಿ. ಒಮ್ಮೆ ನಮ್ಮ ಕೆಲಸಕ್ಕೆ ಬಂದ ಮೂಟೆಗಳು ರಾತ್ರಿ ಮಳೆಯಲ್ಲಿ ನೆನೆದಿದ್ದವು. ಬೆಳಿಗ್ಗೆ ಹಾಗೇ ಹಾಕಿದರು. ಒದ್ದೆ ಚೂರು ಬಿಡಿ ಬಿಡಿಯಾಗಿ ಹರಡದೆ ಉಂಡೆ ಕಟ್ಟಿತು. ಮಿಶ್ರಣ ಹರಡುವ ಪೇವರ್ ಯಂತ್ರದ ಹಿಂದೆ ಬೂದು ಬಣ್ಣದ ಗಂಟುಗಳು ಕಂಡವು, ಅಷ್ಟು ಉದ್ದ ಕಿತ್ತು ಮತ್ತೆ ಹಾಕಬೇಕಾಯಿತು.

ಪ್ಲಾಂಟ್‌ನ ಅರ್ಧ ನಿಮಿಷ

ಇಡೀ ಕೆಲಸ ನಿಂತಿರುವುದು ಈ ಅರ್ಧ ನಿಮಿಷದ ಮೇಲೆ. ಜಲ್ಲಿಯನ್ನು 165 ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿ. ಪ್ಲಾಸ್ಟಿಕ್ ಚೂರು ಹಾಕಿ ಸುಮಾರು 30 ಸೆಕೆಂಡು ತಿರುಗಿಸಿ. ಈಗ ಒಂದು ಹಿಡಿ ತೆಗೆದು ನೋಡಿದರೆ ಕಲ್ಲಿನ ಮೈ ಎಣ್ಣೆ ಸವರಿದ ಹಾಗೆ ಹೊಳೆಯಬೇಕು, ಬಿಡಿ ಚೂರು ಕಾಣಬಾರದು. ಆಮೇಲೆ 160 ಡಿಗ್ರಿಯ ಟಾರು ಬಿಡಿ.

ಜಲ್ಲಿ 140 ಡಿಗ್ರಿಯಲ್ಲೇ ಇದ್ದರೆ ಆ ಅರ್ಧ ನಿಮಿಷದಲ್ಲಿ ಚೂರು ಪೂರ್ತಿ ಕರಗಿ ಹರಡುವುದಿಲ್ಲ, ಪದರ ಸರಿಯಾಗಿ ಕಟ್ಟುವುದಿಲ್ಲ. 180 ದಾಟಿದರೆ ಟಾರೇ ಸೀದು ಬಿರುಸಾಗುತ್ತದೆ. ಕಣ್ಣಂದಾಜಿಗೆ ಇದು ಸಿಗುವುದಿಲ್ಲ, ಥರ್ಮಾಮೀಟರ್ ಬೇಕೇ ಬೇಕು. ಬ್ಯಾಚ್ ಪ್ಲಾಂಟ್‌ನಲ್ಲಿ ಒಂದೊಂದು ಲೋಡಿಗೂ ತೂಗಿ ಹಾಕುವುದರಿಂದ ಹಿಡಿತ ಚೆನ್ನಾಗಿರುತ್ತದೆ. ಡ್ರಮ್ ಪ್ಲಾಂಟ್‌ನಲ್ಲಿ ಜಲ್ಲಿ ನಿಲ್ಲದೆ ಹರಿಯುತ್ತಿರುತ್ತದೆ. ಅಲ್ಲಿ ಬರ್ನರ್ ಜ್ವಾಲೆ ತಾಗದ, ಟಾರು ಬೀಳುವುದಕ್ಕಿಂತ ಮೊದಲಿನ ಜಾಗಕ್ಕೆ ಬ್ಲೋಯರ್ ಪೈಪಿನಿಂದ ಚೂರು ಬಿಡಬೇಕು. ಜ್ವಾಲೆಗೆ ಸಿಕ್ಕರೆ ಅದು ಸುಟ್ಟು ಹೊಗೆಯಾಗಿ ಹೋಗುತ್ತದೆ. ಬಿಲ್ಲಿನಲ್ಲಿ ಪ್ಲಾಸ್ಟಿಕ್ ಇರುತ್ತದೆ, ರಸ್ತೆಯಲ್ಲಿ ಇರುವುದಿಲ್ಲ.

ಮುಂದಿನದು ಮಾಮೂಲಿ ಟಾರು ರಸ್ತೆಯ ಕೆಲಸವೇ. ವಿಜಿ-30 ದರ್ಜೆಯ ಟಾರಾದರೆ 140 ಡಿಗ್ರಿಗಿಂತ ತಣ್ಣಗಾಗುವ ಮೊದಲು ಹರಡಬೇಕು, 90ಕ್ಕೆ ಇಳಿಯುವ ಮೊದಲು ರೋಲರ್ ಮುಗಿಸಬೇಕು. ದೂರದ ಪ್ಲಾಂಟ್‌ನಿಂದ ಟಾರ್ಪಾಲು ಮುಚ್ಚದೆ ಬಂದ ಲೋಡು ಇಳಿಸುವಷ್ಟರಲ್ಲೇ ತಣ್ಣಗಾಗಿರುತ್ತದೆ.

ಇದರಿಂದ ಆಗದ ಕೆಲಸ

ಪ್ಲಾಸ್ಟಿಕ್ ಇರುವುದು ಮೇಲಿನ ಮೂರು ಸೆಂಟಿಮೀಟರಿನಲ್ಲಿ ಮಾತ್ರ. ಕೆಳಗಿನ ಮಣ್ಣು ಕುಸಿದರೆ, ಚರಂಡಿ ಇಲ್ಲದೆ ಅಂಚಿನಲ್ಲಿ ನೀರು ನಿಂತರೆ ಅದು ತಡೆಯುವುದಿಲ್ಲ. ಕೆರೆ ಏರಿ ಪಕ್ಕದ, ಕಾಲುವೆ ಪಕ್ಕದ ರಸ್ತೆಗಳು ಹಾಳಾಗುವುದು ಹೆಚ್ಚಾಗಿ ತಳದಿಂದ. ಅಂಥ ಕಡೆ ಮೊದಲು ದುಡ್ಡು ಚರಂಡಿಗೆ ಹೋಗಬೇಕು. ಟಯರ್ ಉಜ್ಜಿ ರಸ್ತೆ ಸವೆದಾಗ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣ ಮಳೆ ನೀರಿನ ಜೊತೆ ಹೊಲ, ಕೆರೆ ಸೇರುತ್ತದೆ ಎಂಬ ಆತಂಕವೂ ನ್ಯಾಯವಾದದ್ದೇ. ಹಾಗಾಗಿ ಕಸ ಖಾಲಿ ಮಾಡಲೆಂದು ಶೇ 8 ದಾಟಿ ಹಾಕುವುದಕ್ಕೆ ನಾನು ಒಪ್ಪುವುದಿಲ್ಲ.

ನಿಮ್ಮ ಊರಲ್ಲಿ ಕೆಲಸ ನಡೆದರೆ ಲಾರಿಯಿಂದ ಇಳಿದ ಮಿಶ್ರಣ ಒಂದು ಬೊಗಸೆ ಕೇಳಿ ತನ್ನಿ. ಆರಿದ ಮೇಲೆ ಗಾಜಿನ ಪಾತ್ರೆಯಲ್ಲಿ ನೀರು ತುಂಬಿ ಅದನ್ನು ಮುಳುಗಿಸಿ 24 ಗಂಟೆ ಬಿಡಿ. ಲ್ಯಾಬಿನಲ್ಲಿ ಇದೇ ಪರೀಕ್ಷೆಯನ್ನು 40 ಡಿಗ್ರಿ ನೀರಿನಲ್ಲಿ ಮಾಡುತ್ತಾರೆ. ಕಲ್ಲಿನ ಮೈಯ ನೂರರಲ್ಲಿ 95 ಪಾಲು ಕಪ್ಪಾಗಿಯೇ ಉಳಿದಿರಬೇಕು. ಬಿಳಿಕಲ್ಲು ಅಲ್ಲಲ್ಲಿ ಇಣುಕಿದರೆ ಉಳಿದ ಮಿಶ್ರಣದ ಜೊತೆ ಎಂಜಿನಿಯರ್ ಬಳಿ ಹೋಗಿ, ಲ್ಯಾಬ್ ರಿಪೋರ್ಟ್ ಕೇಳಿ.