ಸಿಗರೇಟು ಬಿಟ್ಟ ಮೊದಲ ವಾರಗಳಲ್ಲಿ ರಕ್ತದ ಸಕ್ಕರೆಯನ್ನು ಗಮನಿಸುವುದು ಹೇಗೆ?

ಇನ್ಸುಲಿನ್ ಚುಚ್ಚಿಕೊಳ್ಳುವ ಮಧುಮೇಹಿಯೊಬ್ಬರು ಸಿಗರೇಟು ಬಿಟ್ಟ ಕೆಲವೇ ದಿನಗಳಲ್ಲಿ ಬೆವರಿ, ಕೈ ನಡುಗಿ, ತಡೆಯಲಾರದಷ್ಟು ಹಸಿವಾಗಿ ಕಂಗಾಲಾಗುವುದುಂಟು. ಚಟ ಬಿಟ್ಟಾಗ ಇಂಥ ಚಡಪಡಿಕೆ ಸಹಜವೆಂದು ಕೆಲವರು ಸಹಿಸಿಕೊಳ್ಳುತ್ತಾರೆ, ಕೆಲವರು ಸಿಗರೇಟಿಗೆ ಮರಳುತ್ತಾರೆ. ಆದರೆ ಅದು ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದುದರ ಸೂಚನೆಯೂ ಆಗಿರಬಹುದು. ಬಿಟ್ಟ ಮೇಲೆ ಸಕ್ಕರೆ ಏಕೆ ಇಳಿಯುತ್ತದೆ ಎಂಬುದು ತಿಳಿಯಬೇಕಾದರೆ, ಸೇದುತ್ತಿದ್ದಾಗ ಅದು ಏಕೆ ಏರುತ್ತಿತ್ತು ಎಂಬುದನ್ನು ಮೊದಲು ನೋಡಬೇಕು.

ಹೊಗೆ ಮಾಡುವ ಕೆಲಸ

ಹೊಗೆಯನ್ನು ಒಳಗೆಳೆದ ಕೆಲವೇ ಸೆಕೆಂಡುಗಳಲ್ಲಿ ಅದರಲ್ಲಿರುವ ನಿಕೋಟಿನ್ ಮೆದುಳನ್ನು ತಲುಪುತ್ತದೆ, ನರಗಳನ್ನು ಕೆರಳಿಸುತ್ತದೆ. ಆಗ ಅಡ್ರಿನಲಿನ್‌ನಂಥ ಹಾರ್ಮೋನುಗಳು ರಕ್ತಕ್ಕೆ ಬಿಡುಗಡೆಯಾಗುತ್ತವೆ. ಅಪಾಯ ಎದುರಾದಾಗ ಓಡಲು ಶಕ್ತಿ ಬೇಕೆಂದು ದೇಹ ಮಾಡಿಕೊಂಡಿರುವ ವ್ಯವಸ್ಥೆ ಇದು. ಹಾಗಾಗಿ ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಹೊರಬಿಡುತ್ತದೆ, ಕೊಬ್ಬಿನ ಕೋಶಗಳಲ್ಲಿರುವ ಕೊಬ್ಬು ಕರಗಿ ಕೊಬ್ಬಿನಾಮ್ಲಗಳು ರಕ್ತಕ್ಕೆ ಸೇರುತ್ತವೆ. ಓಡುವ ಪ್ರಸಂಗವೇ ಇಲ್ಲದೆ ಕುರ್ಚಿಯಲ್ಲಿ ಕುಳಿತವರಲ್ಲಿ ಆ ಇಂಧನಕ್ಕೆ ಬಳಕೆಯಿಲ್ಲ. ಕೊಬ್ಬಿನಾಮ್ಲಗಳು ತುಂಬಿದ ಸ್ನಾಯುಗಳು ಇನ್ಸುಲಿನ್ನಿನ ಮಾತಿಗೆ ಓಗೊಡುವುದನ್ನು ಕಡಿಮೆ ಮಾಡುತ್ತವೆ. ವೈದ್ಯರು ಇನ್ಸುಲಿನ್ ಪ್ರತಿರೋಧ ಎನ್ನುವುದು ಇದನ್ನೇ.

ದಿನಕ್ಕೆ ಹತ್ತು, ಹದಿನೈದು ಬಾರಿ, ವರ್ಷಗಟ್ಟಲೆ ಇದು ನಡೆದರೆ ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ದಣಿಯುತ್ತದೆ. ಹೊಗೆಯ ಇತರ ರಾಸಾಯನಿಕಗಳು ದೇಹದಲ್ಲಿ ಉರಿಯೂತವನ್ನು ಹೆಚ್ಚಿಸುತ್ತವೆ, ಇನ್ಸುಲಿನ್ ತಯಾರಿಸುವ ಕೋಶಗಳಿಗೂ ಹಾನಿ ಮಾಡುತ್ತವೆ. ಸೇದುವವರು ತೆಳ್ಳಗೆ ಕಂಡರೂ ಅವರ ಕೊಬ್ಬು ಹೊಟ್ಟೆಯ ಒಳಭಾಗದಲ್ಲಿ ಶೇಖರವಾಗುವ ಸಂಭವ ಹೆಚ್ಚು, ಮಧುಮೇಹಕ್ಕೆ ದಾರಿ ಮಾಡಿಕೊಡುವುದು ಆ ಕೊಬ್ಬೇ. ಸೇದುವವರಿಗೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಸೇದದವರಿಗಿಂತ ಶೇ 30ರಿಂದ 40ರಷ್ಟು ಹೆಚ್ಚೆಂದೂ, ಧೂಮಪಾನವೇ ಅದಕ್ಕೆ ಒಂದು ಕಾರಣವೆಂದೂ ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ ನಿರ್ಣಯಿಸಿತು. ಸೇದುವ ಸಂಖ್ಯೆ ಏರಿದಂತೆ ಅಪಾಯವೂ ಏರುತ್ತದೆ.

ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಇನ್ನೊಂದು ತೊಡಕಿದೆ. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಸಂಕುಚಿಸುವುದರಿಂದ, ಚರ್ಮದ ಕೆಳಗೆ ಸೇರಿದ ಔಷಧ ರಕ್ತಕ್ಕೆ ಬರುವುದು ನಿಧಾನವಾಗುತ್ತದೆ. ಹೀಗೆ ಸೇದುವವರ ಔಷಧದ ಪ್ರಮಾಣ ಹೊಗೆಯ ಅಡ್ಡಿಯನ್ನೂ ಲೆಕ್ಕಕ್ಕೆ ಹಿಡಿದೇ ಏರಿರುತ್ತದೆ. ಹೊಗೆ ನಿಂತ ದಿನ ಅಡ್ಡಿ ತಗ್ಗತೊಡಗುತ್ತದೆ, ಆದರೆ ಔಷಧದ ಪ್ರಮಾಣ ಹಳೆಯದೇ ಉಳಿದಿರುತ್ತದೆ.

ಬಿಡುವ ಮೊದಲು

ಬಿಡಲು ದಿನ ಗೊತ್ತು ಮಾಡಿಕೊಂಡು, ಅದಕ್ಕೆ ಒಂದು ವಾರ ಮೊದಲೇ ವೈದ್ಯರಿಗೆ ತಿಳಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರೂ, ಗ್ಲಿಮಿಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ನುಂಗುವವರೂ ಇದನ್ನು ತಪ್ಪಿಸಬಾರದು, ಏಕೆಂದರೆ ಸಕ್ಕರೆಯನ್ನು ಅತಿಯಾಗಿ ಇಳಿಸಬಲ್ಲ ಔಷಧಗಳು ಇವೇ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಈ ಅಪಾಯ ತೀರಾ ಕಡಿಮೆ.

ಆ ವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಮಧ್ಯಾಹ್ನದ ಮತ್ತು ರಾತ್ರಿಯ ಊಟಕ್ಕೆ ಮುಂಚೆ, ಮಲಗುವಾಗ, ಹೀಗೆ ದಿನಕ್ಕೆ ನಾಲ್ಕು ಬಾರಿ ಗ್ಲುಕೋಮೀಟರಿನಲ್ಲಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಆ ದಿನ ಸೇದಿದ ಸಿಗರೇಟಿನ ಸಂಖ್ಯೆಯನ್ನೂ ಪಕ್ಕದಲ್ಲಿ ನಮೂದಿಸಬೇಕು. ಈ ಪುಟವಿಲ್ಲದಿದ್ದರೆ ಮುಂದಿನ ಅಂಕಿಗಳನ್ನು ಹೋಲಿಸಲು ಆಧಾರವೇ ಇರುವುದಿಲ್ಲ.

ಬಿಟ್ಟ ಮೇಲೆ

ಅದೇ ನಾಲ್ಕು ಹೊತ್ತಿನ ಪರೀಕ್ಷೆ ಮುಂದುವರಿಯಲಿ. ಅದರ ಜೊತೆಗೆ, ಚಡಪಡಿಕೆ ಬಂದಾಗಲೆಲ್ಲ ಒಮ್ಮೆ ನೋಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಡಿಮಿಡಿ, ಹಸಿವು, ಏಕಾಗ್ರತೆ ತಪ್ಪುವುದು ನಿಕೋಟಿನ್ ಇಲ್ಲದಾಗಲೂ ಬರುತ್ತವೆ, ಸಕ್ಕರೆ ಇಳಿದಾಗಲೂ ಬರುತ್ತವೆ. ತಣ್ಣನೆಯ ಬೆವರು, ನಡುಕ, ಎದೆಬಡಿತ ಸಕ್ಕರೆ ಇಳಿದುದನ್ನು ಹೆಚ್ಚಾಗಿ ಸೂಚಿಸುತ್ತವೆಯಾದರೂ ಮೈಮೇಲಿನ ಅನುಭವವನ್ನಷ್ಟೇ ನಂಬಿ ತೀರ್ಮಾನಿಸುವುದು ಸಲ್ಲದು. ಬೆರಳಿನ ಒಂದು ಹನಿ ರಕ್ತ ಅದನ್ನು ಹೇಳುತ್ತದೆ.

ಅಂಕಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ 15 ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆಯನ್ನು, ಅಂದರೆ ಸುಮಾರು ಮೂರು ಟೀ ಚಮಚ ತುಂಬಾ, ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷದ ನಂತರ ಮತ್ತೆ ನೋಡಿ, ಇನ್ನೂ ಕಡಿಮೆಯಿದ್ದರೆ ಮತ್ತೊಮ್ಮೆ ಅಷ್ಟೇ ತೆಗೆದುಕೊಳ್ಳಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 52, ದಿನಕ್ಕೆ 15 ಸಿಗರೇಟು, ರಾತ್ರಿ 28 ಯೂನಿಟ್ ದೀರ್ಘಾವಧಿ ಇನ್ಸುಲಿನ್. ಬಿಡುವ ಮುಂಚಿನ ವಾರದ ಬೆಳಗಿನ ಅಂಕಿಗಳು 150ರಿಂದ 170. ಬಿಟ್ಟ ಐದನೆಯ ಬೆಳಿಗ್ಗೆ 118, ಎಂಟನೆಯ ಬೆಳಿಗ್ಗೆ 92. ಇವು ಒಳ್ಳೆಯ ಅಂಕಿಗಳೆಂದು ಸಂತೋಷಪಟ್ಟು ಸುಮ್ಮನಾಗುವುದು ಇಲ್ಲಿ ಆಗುವ ತಪ್ಪು. ಅಂಕಿ ದಿನೇ ದಿನೇ ಒಂದೇ ದಿಕ್ಕಿಗೆ ಇಳಿಯುತ್ತಿದೆ ಎಂಬುದನ್ನು ಗಮನಿಸಿ ಅಂದೇ ವೈದ್ಯರಿಗೆ ಹೇಳಬೇಕಿತ್ತು. ಹೇಳದೆ ಉಳಿದ ಇವರಿಗೆ ಒಂಬತ್ತನೆಯ ರಾತ್ರಿ ಮೂರು ಗಂಟೆಗೆ ಬೆವರಿ ಎಚ್ಚರವಾಗುತ್ತದೆ, ಮೀಟರು 64 ತೋರಿಸುತ್ತದೆ. ಸಕ್ಕರೆ ನೀರು ಕುಡಿದ ಹದಿನೈದು ನಿಮಿಷಕ್ಕೆ 88. ಮರುದಿನ ಪುಸ್ತಕ ನೋಡಿದ ವೈದ್ಯರು ಇನ್ಸುಲಿನ್ನನ್ನು 25 ಯೂನಿಟ್‌ಗೆ ಇಳಿಸುತ್ತಾರೆ. ಸಾಮಾನ್ಯವಾಗಿ ಇಂಥ ಇಳಿಕೆ ಶೇ 10ರಿಂದ 20ರಷ್ಟಿರುತ್ತದೆ. ಅದನ್ನು ವೈದ್ಯರೇ ನಿರ್ಧರಿಸಬೇಕು.

ಎಲ್ಲರಿಗೂ ಸಕ್ಕರೆ ಇಳಿಯುವುದಿಲ್ಲ, ಇಳಿದವರಲ್ಲಿಯೂ ಕೆಲವು ವಾರಗಳ ನಂತರ ಏರಬಹುದು. ಹಸಿವು ಹೆಚ್ಚಿ ತೂಕ ನಾಲ್ಕೈದು ಕಿಲೋ ಏರುವುದು ಸಾಮಾನ್ಯ. ಬ್ರಿಟನ್ನಿನ ಮಧುಮೇಹಿಗಳ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಟ್ಟ ಮೊದಲ ವರ್ಷ, ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಸುಮಾರು 0.2 ಶೇಕಡಾ ಅಂಶದಷ್ಟು ಏರಿ, ನಂತರ ಇಳಿಯುತ್ತ ಮೂರು ವರ್ಷಗಳಲ್ಲಿ ಸೇದುತ್ತಲೇ ಇದ್ದವರ ಮಟ್ಟಕ್ಕೆ ಬಂದಿತ್ತು. ತೂಕದ ಏರಿಕೆ ಇದಕ್ಕೆ ಕಾರಣವೆಂದು ಆ ಅಧ್ಯಯನದಲ್ಲಿ ಕಂಡುಬರಲಿಲ್ಲ. ಈ ಏರಿಕೆಯನ್ನು ಕಂಡು ಸಿಗರೇಟೇ ಸಕ್ಕರೆಯನ್ನು ಹಿಡಿದಿಟ್ಟಿತ್ತು ಎಂದು ಭಾವಿಸಿ ಮರಳಿ ಸೇದುವವರನ್ನು ನೆನೆದರೆ ನನಗೆ ನೋವಾಗುತ್ತದೆ, ಏಕೆಂದರೆ ಔಷಧದಿಂದ ಸರಿಪಡಿಸಬಹುದಾದ ಸಣ್ಣ ಏರಿಕೆಗಾಗಿ ಅವರು ಹೃದಯಾಘಾತದ, ಪಾದದ ರಕ್ತನಾಳ ಕಟ್ಟಿಕೊಳ್ಳುವ ದೊಡ್ಡ ಅಪಾಯವನ್ನು ಮತ್ತೆ ಹೊರುತ್ತಾರೆ.

ಚಟ ಬಿಡಲು ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿ ಬಳಸುವವರು ಒಂದು ಸಂಗತಿಯನ್ನು ಪುಸ್ತಕದಲ್ಲಿ ಸೇರಿಸಿಕೊಳ್ಳಬೇಕು. ಪಟ್ಟಿಯಲ್ಲಿ ಹೊಗೆಯಿಲ್ಲ, ಆದರೆ ನಿಕೋಟಿನ್ ಇರುವುದರಿಂದ ಇನ್ಸುಲಿನ್ನಿಗೆ ಅಡ್ಡಿ ಪೂರ್ತಿ ತಪ್ಪಿರುವುದಿಲ್ಲ. ಪಟ್ಟಿಯ ಪ್ರಮಾಣ 21 ಮಿಲಿಗ್ರಾಂನಿಂದ 14ಕ್ಕೆ, ಅಲ್ಲಿಂದ 7ಕ್ಕೆ ಇಳಿಯುವ ದಿನಗಳನ್ನು ಗುರುತು ಹಾಕಿ, ಪ್ರತಿ ಇಳಿಕೆಯ ನಂತರದ ವಾರ ನಾಲ್ಕು ಹೊತ್ತಿನ ಪರೀಕ್ಷೆಯನ್ನು ಮತ್ತೆ ಬಿಗಿಯಾಗಿ ಮಾಡಬೇಕು. ಮೂರು ತಿಂಗಳಾದಾಗ ಎಚ್‌ಬಿಎ1ಸಿ ಪರೀಕ್ಷೆಗೆ ಹೋಗುವಾಗ ಸೇದುತ್ತಿದ್ದ ವಾರದ ಪುಟವನ್ನೂ ಕೊನೆಯ ವಾರದ ಪುಟವನ್ನೂ ವೈದ್ಯರ ಮುಂದಿಡಬೇಕು. ಎಚ್‌ಬಿಎ1ಸಿ ಮೂರು ತಿಂಗಳ ಸರಾಸರಿಯನ್ನಷ್ಟೇ ಹೇಳುತ್ತದೆ. ಒಂಬತ್ತನೆಯ ರಾತ್ರಿಯ 64 ಆ ಸರಾಸರಿಯೊಳಗೆ ಕಾಣುವುದಿಲ್ಲ.