ಗುಣಿಸಲಾಯಿತು ಅಂದ್ರೆ, ಗುಣಿಸಿದ್ದು ಯಾರು?

ನಾನು ಮಣ್ಣು ಪರೀಕ್ಷೆ ಮಾಡುವವಳು. ಪ್ರಬಂಧ ಬರೆಯುವುದು ಇಂಗ್ಲಿಷಿನಲ್ಲಿ, ರೈತರಿಗೆ ವರದಿ ಕೊಡುವುದು ಕನ್ನಡದಲ್ಲಿ. ಎರಡರಲ್ಲೂ ಕರ್ಮಣಿ ಪ್ರಯೋಗ ತುಂಬಿ ತುಳುಕುತ್ತದೆ: ತೂಗಲಾಯಿತು, ಬೆರೆಸಲಾಯಿತು, ಅಳೆಯಲಾಯಿತು. ಇದನ್ನೆಲ್ಲ ಕಿತ್ತು ಹಾಕಿ ಅನ್ನುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಒಂದೊಂದು ವಾಕ್ಯಕ್ಕೂ ಒಂದು ಪ್ರಶ್ನೆ ಕೇಳುತ್ತೇನೆ: ಈ ಕೆಲಸವನ್ನು ಬೇರೆ ಯಾರೇ ಮಾಡಿದ್ದರೂ ಹೀಗೇ ಮಾಡುತ್ತಿದ್ದರಾ?

ಸಾವಯವ ಇಂಗಾಲ ಅಳೆಯುವ ವಾಕ್ಲೀ-ಬ್ಲ್ಯಾಕ್ ವಿಧಾನವನ್ನೇ ತಗೊಳ್ಳಿ. 1934ರಿಂದ ಬಳಕೆಯಲ್ಲಿದೆ. ಒಂದು ಗ್ರಾಂ ಮಣ್ಣಿಗೆ 10 ಮಿಲಿ ಪೊಟ್ಯಾಶಿಯಂ ಡೈಕ್ರೋಮೇಟ್, ಮೇಲೆ 20 ಮಿಲಿ ಗಾಢ ಸಲ್ಫ್ಯೂರಿಕ್ ಆಸಿಡ್ ಹಾಕಿ ಅರ್ಧ ಗಂಟೆ ಬಿಡಬೇಕು. ಆಮೇಲೆ ನೀರು ಬೆರೆಸಿ, ಮಣ್ಣಿನ ಇಂಗಾಲವನ್ನು ಉರಿಸಿ ಉಳಿದ ಡೈಕ್ರೋಮೇಟ್ ಎಷ್ಟು ಅಂತ ಟೈಟ್ರೇಷನ್ ಮಾಡಿ ನೋಡುತ್ತೇವೆ. ಇಲ್ಲಿ ಆಸಿಡ್ ಸುರಿದದ್ದು ನಾನಾ, ನನ್ನ ಜೊತೆಯವರಾ ಅನ್ನುವುದು ಯಾರಿಗೂ ಬೇಕಿಲ್ಲ. ಓದುವವರ ಕಣ್ಣು ಮಣ್ಣಿನ ಮೇಲೆ, ಫ್ಲಾಸ್ಕಿನ ಮೇಲೆ ಇರುತ್ತದೆ. ಆದ್ದರಿಂದ ‘20 ಮಿಲಿ ಆಸಿಡ್ ಸೇರಿಸಲಾಯಿತು’ ಅನ್ನುವುದು ಸರಿಯಾಗಿಯೇ ಇದೆ. ವಿಜ್ಞಾನದಲ್ಲಿ ಕರ್ಮಣಿ ಬೇರೂರಿದ್ದಕ್ಕೆ ಇದು ದೊಡ್ಡ ಕಾರಣ: ಯಾರು ಮಾಡಿದರೂ ಅದೇ ಫಲ ಬರಬೇಕು, ಹಾಗಾಗಿ ಮಾಡಿದವರನ್ನು ವಾಕ್ಯದಿಂದ ಆಚೆ ಇಟ್ಟರೂ ಏನೂ ಕಳೆದುಹೋಗುವುದಿಲ್ಲ.

ಮುಂದಿನ ವಾಕ್ಯದಲ್ಲಿ ಮಾತ್ರ ಕಳೆದುಹೋಗುತ್ತದೆ. ‘ಬಂದ ಮೌಲ್ಯವನ್ನು 1.3ರಿಂದ ಗುಣಿಸಲಾಯಿತು.’ ನೋಡೋಕೆ ಆಸಿಡ್ ಸೇರಿಸಿದ ವಾಕ್ಯದ ಹಾಗೇ ಇದೆ ಅಲ್ವಾ? ಆದರೆ ಇದು ಕೈಕೆಲಸ ಅಲ್ಲ, ತೀರ್ಮಾನ. ಈ ವಿಧಾನದಲ್ಲಿ ಮಣ್ಣಿನ ಇಂಗಾಲ ಪೂರ್ತಿ ಉರಿಯುವುದಿಲ್ಲ, ಸುಮಾರು ಶೇ. 77ರಷ್ಟು ಮಾತ್ರ ಉರಿಯುತ್ತದೆ ಅಂತ ಇಟ್ಟುಕೊಂಡು 1.3ರಿಂದ ಗುಣಿಸುತ್ತಾರೆ. ಮಣ್ಣು ಬದಲಾದರೆ ಆ ಪ್ರಮಾಣವೂ ಬದಲಾಗುತ್ತದೆ. ಬೇರೆಯವರು ಬೇರೆ ಅಂಕಿ ಆರಿಸಿಕೊಳ್ಳಬಹುದಿತ್ತು. ಅದಕ್ಕೇ ಇದನ್ನು ನಾನು ಹೀಗೆ ಬರೆಯುತ್ತೇನೆ: ‘ನಮ್ಮ ಮಣ್ಣಿಗೇ ಬೇರೆ ಅಂಕಿ ಲೆಕ್ಕ ಹಾಕಿಲ್ಲ, ರೂಢಿಯಲ್ಲಿರುವ 1.3 ಬಳಸಿದ್ದೇವೆ.’ ಈಗ ಓದುವವರಿಗೆ ಎಲ್ಲಿ ಅನುಮಾನ ಪಡಬೇಕು ಅಂತ ಗೊತ್ತಾಗುತ್ತದೆ.

ಇಂಥದ್ದೇ ಇನ್ನೊಂದು. ಮಣ್ಣಿನಲ್ಲಿ ಇಂಗಾಲ ಜಾಸ್ತಿ ಇದ್ದರೆ ಡೈಕ್ರೋಮೇಟ್ ಎಲ್ಲ ಖರ್ಚಾಗಿ ಕಿತ್ತಳೆ ದ್ರಾವಣ ಹಸಿರಾಗಿಬಿಡುತ್ತದೆ. ಆ ಮಾದರಿಯ ಅಂಕಿ ನಂಬುವಂತಿಲ್ಲ. ‘ಕೆಲವು ಮಾದರಿಗಳನ್ನು ಕೈಬಿಡಲಾಯಿತು’ ಅಂತ ಬರೆದರೆ ಯಾಕೆ, ಯಾರ ಲೆಕ್ಕದಲ್ಲಿ ಅನ್ನುವುದು ಮುಚ್ಚಿಹೋಗುತ್ತದೆ. ‘ಹಸಿರಾದವುಗಳನ್ನು ಅರ್ಧ ಗ್ರಾಂ ಮಣ್ಣು ತಗೊಂಡು ಮತ್ತೆ ಮಾಡಿದೆವು’ ಅಂದರೆ ಮುಗಿಯಿತು.

ಇದಕ್ಕಿಂತ ನನಗೆ ಜಾಸ್ತಿ ತೊಂದರೆ ಕೊಡುವುದು ‘ಕಂಡುಬಂದಿದೆ’. ‘ಗೊಬ್ಬರ ಹಾಕಿದ ಹೊಲದಲ್ಲಿ ಇಂಗಾಲ ಹೆಚ್ಚಿರುವುದು ಕಂಡುಬಂದಿದೆ.’ ಕಂಡವರು ನಾವಾ, ಹಿಂದೆ ಯಾರೋ ಮಾಡಿದ ಅಧ್ಯಯನವಾ? ಚರ್ಚೆಯ ಭಾಗದಲ್ಲಿ ಎರಡೂ ಅಕ್ಕಪಕ್ಕ ಬರುತ್ತವೆ, ಅಲ್ಲಿ ‘ನಾವು’ ಇಲ್ಲದಿದ್ದರೆ ಓದುವವರು ದಾರಿ ತಪ್ಪುತ್ತಾರೆ.

ಇಂಗ್ಲಿಷಿಗೂ ಕನ್ನಡಕ್ಕೂ ಇಲ್ಲೊಂದು ವ್ಯತ್ಯಾಸ ಇದೆ. ಇಂಗ್ಲಿಷಿನಲ್ಲಿ ಮಣ್ಣನ್ನು ವಾಕ್ಯದ ಮೊದಲಿಗೆ ತರಬೇಕಾದರೆ ಸಾಮಾನ್ಯವಾಗಿ ಕರ್ಮಣಿಗೇ ಹೋಗಬೇಕು. ಕನ್ನಡದಲ್ಲಿ ಆ ಕಷ್ಟ ಇಲ್ಲ. ‘ಮಣ್ಣನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, 2 ಮಿಮೀ ಜರಡಿ ಹಿಡಿದೆವು’ ಅನ್ನಬಹುದು. ಮಣ್ಣು ಮೊದಲಿಗೇ ಇದೆ, ‘ನಾವು’ ಅನ್ನುವ ಮಾತೇ ಬಂದಿಲ್ಲ, ಆದರೂ ಮಾಡಿದವರು ಕ್ರಿಯಾಪದದ ಕೊನೆಯಲ್ಲಿ ಇದ್ದಾರೆ. ಹಾಗಾಗಿ ಕನ್ನಡ ವರದಿಯಲ್ಲಿ ನಾನು ‘ಲಾಯಿತು’ ಬಳಸುವುದು ತೀರಾ ಕಡಿಮೆ.

ಕರ್ತರಿಯಲ್ಲಿ ಬರೆದರೆ ವಿಜ್ಞಾನದ ಗಾಂಭೀರ್ಯ ಹೋಗುತ್ತದೆ ಅಂತ ವಿದ್ಯಾರ್ಥಿಗಳು ಹೆದರುತ್ತಾರೆ. ಅವರಿಗೆ ನಾನು 1928ರಲ್ಲಿ ರಾಮನ್ ಮತ್ತು ಕೃಷ್ಣನ್ ‘ನೇಚರ್’ ಪತ್ರಿಕೆಗೆ ಬರೆದ ಪುಟ್ಟ ಟಿಪ್ಪಣಿ ತೋರಿಸುತ್ತೇನೆ. ಅದು ಶುರುವಾಗುವುದೇ ‘ನಾವು ಹೀಗೆಂದು ಊಹಿಸಿದರೆ’ ಅನ್ನುವ ಮಾತಿನಿಂದ. ಅದೇ ಪತ್ರಿಕೆ ಇವತ್ತು ಲೇಖಕರಿಗೆ ಕರ್ತರಿಯಲ್ಲೇ ಬರೆಯಿರಿ ಅನ್ನುತ್ತದೆ.

ಕರಡು ಮುಗಿದ ಮೇಲೆ ಕಂಪ್ಯೂಟರಿನಲ್ಲಿ ‘ಲಾಯಿತು’, ‘ಲಾಗಿದೆ’, ‘ಕಂಡುಬಂದಿದೆ’ ಹುಡುಕಿ ಒಂದೊಂದರ ಮುಂದೂ ನಿಲ್ಲುತ್ತೇನೆ. ಸುಮ್ನೆ ದಾಟಿಹೋಗುವಂತೆ ಕಾಣುವುದು ‘ಮಾದರಿಗಳನ್ನು ಸಂಗ್ರಹಿಸಲಾಯಿತು’. ಆದರೆ ನಾವೇ ಹೋಗಿ 15 ಸೆಂಮೀ ಆಳದವರೆಗೆ ತೆಗೆದ ಮಣ್ಣು ಬೇರೆ, ರೈತರು ಚೀಲದಲ್ಲಿ ತಂದುಕೊಟ್ಟ ಮಣ್ಣು ಬೇರೆ. ಮೇಲ್ಪದರವನ್ನಷ್ಟೇ ಕೆರೆದು ತಂದಿದ್ದರೆ ಇಂಗಾಲ ಜಾಸ್ತಿಯೇ ತೋರಿಸುತ್ತದೆ. ಅಲ್ಲಿ ತಂದವರು ಯಾರು ಅಂತ ಬರೆದೇ ಬರೆಯುತ್ತೇನೆ.