ಚೀಟಿಯಿಂದ ಕೇಸ್ ಶೀಟಿಗೆ: ನರ ಪರೀಕ್ಷೆಯ ಟಿಪ್ಪಣಿ ಜೋಡಿಸುವ ಬಗೆ

ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರನ್ನು ಹಾವೇರಿ ಜಿಲ್ಲೆಯ ಯಾವುದೇ ತಾಲ್ಲೂಕು ಆಸ್ಪತ್ರೆಗೆ ತಂದರೂ ಮುಂದಿನ ಪಯಣ ಸಾಮಾನ್ಯವಾಗಿ ಹುಬ್ಬಳ್ಳಿಗೇ. ಅಲ್ಲಿ ಕಾಯುತ್ತಿರುವ ವೈದ್ಯರು ಮೊದಲು ಕೇಳುವುದು ‘ಬಂದಾಗ ಹೇಗಿದ್ದರು, ಆಮೇಲೆ ಏನು ಬದಲಾಯಿತು’ ಎಂದು. ಉತ್ತರ ಇರುವುದು ಮೊದಲ ಆಸ್ಪತ್ರೆಯಲ್ಲಿ ಅವಸರದಲ್ಲಿ ಗೀಚಿದ ಚೀಟಿಯಲ್ಲಿ. ಆ ಚೀಟಿಯನ್ನು ಓದಬಲ್ಲ ದಾಖಲೆಯಾಗಿ ಜೋಡಿಸುವುದು ಹೇಗೆ ಎಂಬುದನ್ನು ಒಂದು ಕಲ್ಪಿತ ಪ್ರಕರಣ ಇಟ್ಟುಕೊಂಡು ನೋಡೋಣ. ಹೊಸದಾಗಿ ಸೇವೆಗೆ ಸೇರಿದ ವೈದ್ಯರು, ಶುಶ್ರೂಷಾಧಿಕಾರಿಗಳು ಮತ್ತು ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಈ ಬರಹ.

ಗಾಯಾಳು ನಲವತ್ತರ ಆಸುಪಾಸಿನ ಗಂಡಸು. ಚೀಟಿಯಲ್ಲಿ ಇಷ್ಟು ಬರೆದಿದೆ: ‘7.20. ಕರೆದರೆ ಕಣ್ಣು ತೆಗೆಯುತ್ತಾರೆ. ಹೆಸರು ಸರಿ ಹೇಳಿದರು, ಊರು ತಪ್ಪು. ಹೇಳಿದ್ದು ಮಾಡುತ್ತಾರೆ. ಬಲಗೈ ಪವರ್ 4. ಬಲಗಡೆ ರಿಫ್ಲೆಕ್ಸ್ ಜೋರು. ಸೆನ್ಸೇಶನ್ ನಾರ್ಮಲ್. 8.05. ಹೆಗಲು ಹಿಂಡಿದರೆ ಮಾತ್ರ ಕಣ್ಣು. ನರಳಾಟ. ಎಡಗೈ ಹೆಗಲಿಗೆ ಬರುತ್ತದೆ, ಬಲಗೈ ಸ್ವಲ್ಪ ಮಡಚುತ್ತದೆ. ಎಡಗಣ್ಣಿನ ಪಾಪೆ ದೊಡ್ಡದು. ಜಿಸಿಎಸ್ 9.’

ಕೋಮಾ ಮಾಪನ ಮೊದಲು

ಪಠ್ಯಪುಸ್ತಕದಲ್ಲಿ ಟೋನ್, ಪವರ್, ರಿಫ್ಲೆಕ್ಸ್, ಸೆನ್ಸೇಶನ್ ಎಂಬ ಸಾಲು ಇರುತ್ತದೆ. ತಲೆಪೆಟ್ಟಿನ ದಾಖಲೆಯಲ್ಲಿ ಇವೆಲ್ಲಕ್ಕಿಂತ ಮೇಲೆ ಗ್ಲಾಸ್ಗೋ ಕೋಮಾ ಮಾಪನ ಬರಬೇಕು. ಪವರ್ ನೋಡಲು ರೋಗಿ ನಮ್ಮ ಮಾತು ಕೇಳಿ ಕೈಕಾಲು ಎತ್ತಬೇಕು. ಸ್ಪರ್ಶ ನೋಡಲು ಮುಟ್ಟಿದ್ದು ತಿಳಿಯಿತೇ ಇಲ್ಲವೇ ಎಂದು ನಂಬುವಂತೆ ಹೇಳಬೇಕು. ಎಚ್ಚರ ಎಷ್ಟಿತ್ತು ಎಂದು ಗೊತ್ತಾದರೆ ಕೆಳಗಿನ ಯಾವ ಸಾಲನ್ನು ಎಷ್ಟು ನಂಬಬಹುದು ಎಂದೂ ಗೊತ್ತಾಗುತ್ತದೆ.

1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಈ ಮಾಪನದಲ್ಲಿ ಕಣ್ಣಿಗೆ 4, ಮಾತಿಗೆ 5, ಚಲನೆಗೆ 6 ಗರಿಷ್ಠ ಅಂಕ. ಮೂರರಲ್ಲೂ ಕನಿಷ್ಠ 1, ಆದ್ದರಿಂದ ಮೊತ್ತ 3ಕ್ಕಿಂತ ಕೆಳಗಿಳಿಯುವುದಿಲ್ಲ. ಚೀಟಿಯ ವಾಕ್ಯಗಳನ್ನು ಒಂದೊಂದಾಗಿ ಅಂಕಕ್ಕೆ ತನ್ನಿ. ಕರೆದರೆ ಕಣ್ಣು ತೆಗೆದರೆ 3, ಹಿಂಡಿದಾಗ ಮಾತ್ರ ತೆಗೆದರೆ 2. ಊರು ತಪ್ಪು ಹೇಳಿದರೂ ವಾಕ್ಯದಲ್ಲಿ ಮಾತಾಡುತ್ತಿದ್ದರೆ 4, ಬಿಡಿ ಪದಗಳಷ್ಟೇ ಬಂದರೆ 3, ಬರೀ ನರಳಾಟಕ್ಕೆ 2. ಹೇಳಿದ್ದು ಮಾಡಿದರೆ 6, ನೋವಾದ ಕಡೆಗೆ ಕೈ ತಂದರೆ 5.

```
7.20   E3 V4 M6 = 13
8.05   E2 V2 M5 = 9
```

ಚೀಟಿಯಲ್ಲಿದ್ದ ಬರೀ ‘9’ ಯಾಕೆ ಸಾಲದು ಎಂಬುದು ಇಲ್ಲಿ ಕಾಣುತ್ತದೆ. ತಾನಾಗಿ ಕಣ್ಣು ಬಿಟ್ಟಿರುವ, ಮಾತೇ ಇಲ್ಲದ, ಹಿಂಡಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುವ ರೋಗಿಗೂ E4 V1 M4, ಅಂದರೆ 9 ಬರುತ್ತದೆ. ಇಬ್ಬರ ಸ್ಥಿತಿಯೂ ಬೇರೆ, ಆದರೂ ಮೊತ್ತ ಒಂದೇ. ಹಾಗಾಗಿ ಮೂರು ಅಂಕಗಳನ್ನು ಬಿಡಿಸಿ ಬರೆಯದೆ ಮೊತ್ತವೊಂದನ್ನೇ ಎಂದೂ ಬರೆಯಬೇಡಿ.

ಅಂಕ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಒಂದು, ಮಾತು. ‘ಈಗ ಯಾವ ತಿಂಗಳರಿ?’ ಎಂದು ಕೇಳಿದಾಗ ರೈತರೊಬ್ಬರು ‘ಶ್ರಾವಣರೀ’ ಅಂದರೆ, ಅದು ಶ್ರಾವಣವೇ ಆಗಿದ್ದರೆ ಪೂರ್ತಿ ಸರಿ ಉತ್ತರ. ಆಗಸ್ಟ್ ಅನ್ನಲಿಲ್ಲವೆಂದು ಅಂಕ ಕಳೆಯುವಂತಿಲ್ಲ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ಮರಾಠಿ ಆಡುವವರಿಗೆ ಆ ಭಾಷೆ ಬಲ್ಲವರಿಂದ ಕೇಳಿಸಿ, ಯಾವ ಭಾಷೆಯಲ್ಲಿ ಕೇಳಿದಿರಿ ಎಂದು ಪಕ್ಕದಲ್ಲಿ ಬರೆಯಿರಿ. ಬರೆಯದಿದ್ದರೆ ಹುಬ್ಬಳ್ಳಿಯಲ್ಲಿ ಸರಿ ಉತ್ತರ ಬಂದಾಗ ರೋಗಿ ಸುಧಾರಿಸಿದಂತೆ ಕಾಣುತ್ತದೆ, ಸುಧಾರಿಸಿರುವುದಿಲ್ಲ.

ಇನ್ನೊಂದು, ಚಲನೆ. ಅಂಗೈಯಲ್ಲಿ ಬೆರಳಿಟ್ಟು ‘ಗಟ್ಟಿ ಹಿಡೀರಿ’ ಅಂದಾಗ ಹಿಡಿದ ಮಾತ್ರಕ್ಕೆ 6 ಕೊಡಬೇಡಿ. ಅಂಗೈಗೆ ಏನು ತಾಕಿದರೂ ತಾನೇ ಮುಚ್ಚಿಕೊಳ್ಳುವ ರಿಫ್ಲೆಕ್ಸ್ ಕೆಲವರಲ್ಲಿರುತ್ತದೆ. ‘ಹಿಡೀರಿ, ಈಗ ಬಿಡ್ರಿ’ ಅಂದು ಎರಡನ್ನೂ ಮಾಡಿದರೆ, ಇಲ್ಲವೇ ‘ನಾಲಿಗಿ ಹೊರಗ ಹಾಕ್ರಿ’ ಅಂದಾಗ ಹಾಕಿದರೆ ಮಾತು ತಿಳಿದಿದೆ ಎಂದರ್ಥ. 5 ಕೊಡಬೇಕಾದರೆ ಕತ್ತಿನ ಬುಡದ ಹೆಗಲ ಸ್ನಾಯುವನ್ನು ಹಿಂಡಿದಾಗ ಕೈ ಕೊರಳೆಲುಬನ್ನು ದಾಟಿ ಮೇಲೆ ಬರಬೇಕು. ಒತ್ತಡವನ್ನು ನಿಧಾನವಾಗಿ ಏರಿಸಿ, ಹತ್ತು ಸೆಕೆಂಡ್ ಮೀರಬೇಡಿ. ಎದೆಯ ಮಧ್ಯದ ಮೂಳೆಯನ್ನು ಗೆಣ್ಣಿನಿಂದ ಉಜ್ಜುವ ರೂಢಿ ಬಿಡುವುದೇ ಒಳ್ಳೆಯದು. ಚರ್ಮ ಸುಲಿಯುತ್ತದೆ, ಮೇಲಾಗಿ ಎದೆಯತ್ತ ಬಂದ ಕೈ ಹುಡುಕಿಕೊಂಡು ಬಂತೋ ಸುಮ್ಮನೆ ಮಡಚಿತೋ ಎಂದು ಹೇಳಲಾಗುವುದಿಲ್ಲ.

ಎಡ ಬಲ ಬೇರೆಯಾಗಿದ್ದರೆ ಕೋಮಾ ಮಾಪನಕ್ಕೆ ಒಳ್ಳೆಯ ಕಡೆಯ ಅಂಕವನ್ನೇ ತೆಗೆದುಕೊಳ್ಳಬೇಕು. ಇಲ್ಲಿ ಎಡಗೈ 5, ಆದ್ದರಿಂದ M5. ಬಲಗೈ ಬರೀ ಮಡಚುತ್ತದೆ ಎಂಬುದು ಕಳೆದುಹೋಗಬಾರದು, ಅದು ಕೈಕಾಲುಗಳ ಸಾಲಿಗೆ ಹೋಗುತ್ತದೆ. ಕಣ್ಣು ಊದಿ ಮುಚ್ಚಿದ್ದರೆ ಅಥವಾ ಗಂಟಲಿಗೆ ನಳಿಗೆ ಹಾಕಿದ್ದರೆ ಆ ಜಾಗದಲ್ಲಿ 1 ಬರೆಯಬೇಡಿ; `NT` ಎಂದು ಬರೆದು ಕಾರಣ ಕೊಡಿ, ಮೊತ್ತ ಮಾಡಬೇಡಿ. 1 ಅಂದರೆ ‘ನೋಡಿದೆ, ಪ್ರತಿಕ್ರಿಯೆ ಇಲ್ಲ’. `NT` ಅಂದರೆ ‘ನೋಡಲು ಆಗಲಿಲ್ಲ’. ಈ ವ್ಯತ್ಯಾಸವೇ ಮುಂದಿನ ಎಲ್ಲ ಸಾಲುಗಳಲ್ಲೂ ನಮ್ಮನ್ನು ಕಾಯುವುದು.

ಪಾಪೆಗಳನ್ನು ಈ ಸಾಲಿನ ಪಕ್ಕದಲ್ಲೇ ಬರೆಯಿರಿ. ‘ದೊಡ್ಡದು’ ಸಾಲದು. ಬಲ 3 ಮಿ.ಮೀ., ಬೆಳಕಿಗೆ ಚುರುಕು. ಎಡ 5 ಮಿ.ಮೀ., ನಿಧಾನ ಎಂಬಂತೆ ಅಳತೆ ಮತ್ತು ಪ್ರತಿಕ್ರಿಯೆ ಎರಡೂ ಬೇಕು.

ಪವರ್: ಚೀಟಿಯಲ್ಲಿಲ್ಲದ್ದನ್ನು ತುಂಬಬೇಡಿ

ಪವರ್ ಶ್ರೇಣಿ 0ಯಿಂದ 5. ಮೊಣಕೈ ಮಡಚುವುದನ್ನೇ ತೆಗೆದುಕೊಳ್ಳಿ. ಏನೂ ಇಲ್ಲದಿದ್ದರೆ 0. ತೋಳಿನ ಮೇಲಿಟ್ಟ ನಿಮ್ಮ ಬೆರಳಿಗೆ ಸ್ನಾಯು ಮಿಡಿದದ್ದು ತಿಳಿದು, ಕೈ ಅಲುಗದಿದ್ದರೆ 1. ಹಾಸಿಗೆಯ ಮೇಲೆ ಜಾರಿಸಿ ಮಡಚಬಲ್ಲರು, ಎತ್ತಲಾರರು ಅಂದರೆ 2. ಭಾರದ ವಿರುದ್ಧ ಎತ್ತಬಲ್ಲರು, ನೀವು ತುಸು ತಡೆದರೂ ಸೋಲುತ್ತಾರೆ ಅಂದರೆ 3. ತಡೆಯನ್ನು ಸ್ವಲ್ಪಮಟ್ಟಿಗೆ ಎದುರಿಸಿದರೆ 4, ಪೂರ್ತಿ ಇದ್ದರೆ 5. ನಾಲ್ಕರ ಮನೆ ಬಲು ದೊಡ್ಡದು. ಹೆಸರಿಗಷ್ಟೇ ತಡೆಯುವವರೂ ಇನ್ನೇನು ಪೂರ್ತಿ ಎನ್ನುವಂಥವರೂ ಅದರಲ್ಲೇ ಬರುವುದರಿಂದ 4-, 4, 4+ ಎಂದು ಒಡೆದು ಬರೆಯುವ ರೂಢಿಯಿದೆ. ಹೋಲಿಸಬೇಕಾದದ್ದು ರೋಗಿಯ ಇನ್ನೊಂದು ಕೈಯೊಂದಿಗೆ. ದಿನವೂ ಚೀಲ ಹೊರುವ ಹಮಾಲರ ಸೋತ ಕೈ ಪರೀಕ್ಷಿಸುವವರ ಕೈಗಿಂತ ಗಟ್ಟಿಯಿರಬಹುದು.

‘ಬಲಗೈ 4’ ಎಂದರೆ ಯಾವ ಕೀಲು? ಭುಜ ಅಗಲಿಸುವುದು, ಮೊಣಕೈ ಮಡಚುವುದು, ನೀಡುವುದು, ಮಣಿಕಟ್ಟು ಮೇಲೆತ್ತುವುದು, ಹಿಡಿತ, ಹೀಗೆ ಒಂದೊಂದಕ್ಕೂ ಬೇರೆ ಅಂಕ ಬೇಕು. ಕಾಲಿನಲ್ಲಿ ಸೊಂಟ ಮಡಚುವುದು, ಮೊಣಕಾಲು ನೀಡುವುದು, ಪಾದ ಮೇಲೆತ್ತುವುದು, ಕೆಳಗೊತ್ತುವುದು. ದಾಖಲೆ ಜೋಡಿಸುವವರಿಗೆ ಇಲ್ಲಿ ಒಂದು ಆಸೆ ಹುಟ್ಟುತ್ತದೆ: ಎಲ್ಲ ಕೀಲುಗಳ ಎದುರೂ 4 ಬರೆದು, ಕಾಲಿಗೆ 5 ಹಾಕಿ ಹಾಳೆ ಪೂರ್ತಿ ಮಾಡುವುದು. ಹಾಗೆ ಮಾಡಬಾರದು. 7.20ರ ಸಾಲಿನಲ್ಲಿ ‘ಬಲಗೈ 4, ಯಾವ ಕೀಲೆಂದು ನಮೂದಿಲ್ಲ, ಎಡಗೈ, ಎರಡೂ ಕಾಲು ನಮೂದಿಲ್ಲ’ ಎಂದಷ್ಟೇ ಬರೆಯಬೇಕು. ಕಾಲಿಗೆ ಸುಳ್ಳು 5 ಹಾಕಿದರೆ, ಹುಬ್ಬಳ್ಳಿಯಲ್ಲಿ ಬಲಗಾಲು 3 ಕಂಡಾಗ ದಾರಿಯಲ್ಲಿ ಹೊಸದಾಗಿ ಸೋತಿದೆ ಎಂದೇ ಲೆಕ್ಕವಾಗುತ್ತದೆ.

8.05ಕ್ಕೆ ರೋಗಿ ಮಾತು ಕೇಳುವ ಸ್ಥಿತಿಯಲ್ಲಿಲ್ಲ. ಆಗ 0ಯಿಂದ 5ರ ಶ್ರೇಣಿಯೇ ಅನ್ವಯಿಸುವುದಿಲ್ಲ. ಕಂಡದ್ದನ್ನು ಮಾತಿನಲ್ಲೇ ಬರೆಯಿರಿ: ‘ಶ್ರೇಣಿ ನೀಡಲಾಗದು, ಆದೇಶ ಪಾಲಿಸುತ್ತಿಲ್ಲ. ಹೆಗಲು ಹಿಂಡಿದಾಗ ಎಡಗೈ ಕೊರಳೆಲುಬು ದಾಟಿ ಬರುತ್ತದೆ, ಬಲಗೈ ಮೊಣಕೈಯಲ್ಲಿ ಮಡಚುತ್ತದೆ.’ ಕೊರಳೆಲುಬು ಮುರಿದು ನೋವಿನಿಂದ ಕೈ ಎತ್ತದವರಿಗೂ ಅಂಕಕ್ಕಿಂತ ‘ನೋವಿನಿಂದ ಪರೀಕ್ಷೆ ಅಪೂರ್ಣ’ ಎಂಬ ಮಾತೇ ಲೇಸು.

ಟೋನ್ ಮತ್ತು ರಿಫ್ಲೆಕ್ಸ್

ಈ ಎರಡಕ್ಕೆ ರೋಗಿ ತಾನಾಗಿ ಕೈಕಾಲು ಆಡಿಸಬೇಕಿಲ್ಲ. ಎಚ್ಚರ ಕುಂದಿದಾಗಲೂ ಇವನ್ನು ನೋಡಬಹುದು, ಬಿಡಬಾರದು. ಟೋನ್‌ಗೆ ಮೊಣಕೈ, ಮಣಿಕಟ್ಟು, ಮೊಣಕಾಲುಗಳನ್ನು ನಿಧಾನವಾಗಿ, ಬಳಿಕ ಬೇಗನೆ ಆಡಿಸಿ. ಬೇಗ ಆಡಿಸಿದಾಗ ಮಾತ್ರ ಸಿಕ್ಕಿಕೊಂಡು ಆಮೇಲೆ ಸಡಿಲವಾದರೆ ಸ್ಪಾಸ್ಟಿಕ್, ವೇಗ ಯಾವುದಿದ್ದರೂ ಒಂದೇ ಬಿಗಿಯಾದರೆ ರಿಜಿಡ್. ಪೆಟ್ಟಾದ ಮೊದಲ ತಾಸುಗಳಲ್ಲಿ ಸೋತ ಕೈಕಾಲಿನ ಟೋನ್ ಸಾಮಾನ್ಯವಾಗಿಯೋ ಸಡಿಲವಾಗಿಯೋ ಇರಬಹುದು, ಬಿಗಿತ ಬರಲು ದಿನಗಳು ಹಿಡಿಯುತ್ತವೆ. ಹಾಗಾಗಿ ಟೋನ್ ಸರಿಯಿದೆ ಎಂದು ಪವರ್ ಸಾಲನ್ನು ತಿದ್ದಬೇಡಿ.

ರಿಫ್ಲೆಕ್ಸನ್ನು ಬೈಸೆಪ್ಸ್, ಸುಪಿನೇಟರ್, ಟ್ರೈಸೆಪ್ಸ್, ಮೊಣಕಾಲು, ಹಿಮ್ಮಡಿ ಎಂದು ಐದು ಜಾಗಗಳಲ್ಲಿ, ಬಲ ಎಡ ಎದುರುಬದುರು ಬರೆಯಿರಿ. ಇಲ್ಲದ್ದಕ್ಕೆ 0, ಕ್ಷೀಣಕ್ಕೆ +, ಸಾಮಾನ್ಯಕ್ಕೆ ++, ಚುರುಕಿಗೆ +++, ಕ್ಲೋನಸ್ ಇದ್ದರೆ ++++. ಈ ಅರ್ಥಗಳು ಎಲ್ಲ ಕಡೆ ಒಂದೇ ಇರುವುದಿಲ್ಲವಾದ್ದರಿಂದ ಹಾಳೆಯ ತುದಿಯಲ್ಲಿ ಒಮ್ಮೆ ಬರೆದಿಡಿ. ಅಂಗಾಲು ಗೀರಿದಾಗ ಹೆಬ್ಬೆರಳು ಮೇಲೆ ಹೋಯಿತೇ, ಕೆಳಗೆ ಹೋಯಿತೇ, ಅಲುಗಲೇ ಇಲ್ಲವೇ ಎಂಬುದು ಪ್ರತ್ಯೇಕ ಸಾಲು. ಚೀಟಿಯಲ್ಲಿ ಅದು ಇಲ್ಲವೇ ಇಲ್ಲ. ರೋಗಿ ಇನ್ನೂ ಇಲ್ಲೇ ಇದ್ದಾರೆ; ಆಂಬುಲೆನ್ಸ್ ಬರುವ ಮೊದಲು ನೋಡಿ, ನೋಡಿದ ಹೊತ್ತು ಹಾಕಿ ಬರೆಯಿರಿ. ‘ಬಲಗಡೆ ಜೋರು’ ಎಂಬುದನ್ನು +++ ಎಂದು ತರ್ಜುಮೆ ಮಾಡದೆ ಇದ್ದಂತೆಯೇ ನಕಲಿಸಿ.

ಸೆನ್ಸೇಶನ್

‘ನಾರ್ಮಲ್’ ಎಂಬ ಒಂದೇ ಪದ ಇಲ್ಲಿ ಅತಿ ದುರ್ಬಲ. ಹತ್ತಿಯಿಂದ ಮುಟ್ಟಿದರೋ, ಪಿನ್ ಚುಚ್ಚಿದರೋ, ಎಲ್ಲೆಲ್ಲಿ? ಊರು ತಪ್ಪು ಹೇಳುತ್ತಿದ್ದ ರೋಗಿಯ ‘ಹೂಂ’ ಎಷ್ಟು ಗಟ್ಟಿ? 7.20ಕ್ಕೆ ‘ನಾರ್ಮಲ್ ಎಂದು ನಮೂದು, ವಿಧಾನ ಮತ್ತು ಜಾಗ ನಮೂದಿಲ್ಲ, ರೋಗಿ ಗೊಂದಲದಲ್ಲಿದ್ದರು’ ಎಂದು ಬರೆಯಿರಿ. 8.05ಕ್ಕೆ ‘ಪರೀಕ್ಷಿಸಲಾಗದು’. ಎಚ್ಚರವಿದ್ದು ಬೆನ್ನುಹುರಿಗೂ ಪೆಟ್ಟಾದ ಅನುಮಾನವಿದ್ದರೆ ಮಾತ್ರ ಪಿನ್ ಸ್ಪರ್ಶದ ಗಡಿ ಹುಡುಕಬೇಕು. ಮೊಲೆತೊಟ್ಟಿನ ಮಟ್ಟ ಟಿ4, ಹೊಕ್ಕುಳ ಮಟ್ಟ ಟಿ10 ಎಂಬ ಎರಡು ಗುರುತುಗಳು ನೆನಪಿದ್ದರೆ ಗಡಿಯನ್ನು ಮೈಮೇಲೆ ಪೆನ್ನಿನಿಂದ ಗುರುತಿಸಿ ದಾಖಲೆಗೆ ತರುವುದು ಸುಲಭ.

ಹಾಳೆ ಕಳಿಸುವಾಗ

ಹೊತ್ತುಗಳನ್ನು ಅಡ್ಡಸಾಲಿನಲ್ಲಿ ಮೇಲೆ, ಪರೀಕ್ಷೆಗಳನ್ನು ಎಡಕ್ಕೆ ಕೆಳಗೆ ಬರೆದರೆ 13 ಯಾವಾಗ 9 ಆಯಿತು, ಯಾವ ಅಂಕ ಎಷ್ಟು ಇಳಿಯಿತು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ನಮ್ಮ ಪ್ರಕರಣದಲ್ಲಿ 45 ನಿಮಿಷಕ್ಕೆ 4 ಅಂಕ ಇಳಿದಿದೆ, ಎಡ ಪಾಪೆ ಹಿಗ್ಗಿದೆ, ಬಲಗೈ ಹಿಂದೆ ಬಿದ್ದಿದೆ. ಮೂರೂ ಸೇರಿ ಮೆದುಳಿನ ಎಡಭಾಗದಲ್ಲಿ ಒತ್ತಡ ಏರುತ್ತಿರುವ ಸೂಚನೆ ಕೊಡುತ್ತವೆ. 2 ಅಂಕ ಇಳಿದರೇ ಹಿರಿಯ ವೈದ್ಯರಿಗೆ ತಿಳಿಸಬೇಕು, ಇಲ್ಲಿ ಅದರ ಎರಡರಷ್ಟು. ಹಾಳೆ ತಲುಪುವ ತನಕ ಕಾಯದೆ ಈ ಸಾಲನ್ನು ಫೋನಿನಲ್ಲೇ ಹುಬ್ಬಳ್ಳಿಗೆ ಹೇಳಿ, ಹೇಳುವಾಗಲೂ ‘ಒಂಬತ್ತು’ ಅನ್ನದೆ ‘ಕಣ್ಣು ಎರಡು, ಮಾತು ಎರಡು, ಚಲನೆ ಐದು’ ಅನ್ನಿ.

ಮಂಪರು ಬರಿಸುವ ಮದ್ದು ಕೊಟ್ಟಿದ್ದರೆ ಹೆಸರು, ಪ್ರಮಾಣ, ಕೊಟ್ಟ ಹೊತ್ತು ಅದೇ ಹಾಳೆಯಲ್ಲಿರಲಿ. ಇಲ್ಲದಿದ್ದರೆ ಮದ್ದಿನಿಂದ ಇಳಿದ ಎಚ್ಚರ ಯಾವುದು, ಪೆಟ್ಟಿನಿಂದ ಇಳಿದದ್ದು ಯಾವುದು ಎಂದು ಬೇರ್ಪಡಿಸಲಾಗದು. ಪ್ರತಿ ಹೊತ್ತಿನ ಕೆಳಗೆ ನೋಡಿದವರ ಸಹಿ ಇರಲಿ. ಹಳೆಯ ಚೀಟಿಯನ್ನು ಹರಿದು ಬಿಸಾಡದೆ ಹಾಳೆಯ ಹಿಂದೆ ಪಿನ್ ಮಾಡಿ ರೋಗಿಯ ಜೊತೆಗೇ ಕಳಿಸಿ.